ಅಧ್ಯಕ್ಷರ ಪರಿಚಯವೂ ಒಂದು ಪೀಠಿಕೆಯೇ

ಕಳೆದ ಸೆಮಿಸ್ಟರಿನಲ್ಲಿ ವಿಜಯಪುರದಲ್ಲಿ ನಡೆದ ಒಂದು ದಿನದ ವಿಚಾರ ಸಂಕಿರಣದಲ್ಲಿ ಎರಡನೆಯ ಗೋಷ್ಠಿಯ ಅಧ್ಯಕ್ಷರನ್ನು ಪರಿಚಯಿಸಿ, ಗೋಷ್ಠಿಯ ಆಶಯ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದನ್ನು ನಾನು ಕೆಡಿಸಿದೆ. ಸಭೆಯಲ್ಲಿ ಯಾರೂ ಹಾಗೆ ಹೇಳಲಿಲ್ಲ. ಚಪ್ಪಾಳೆಯೂ ಬಿತ್ತು, ವೇದಿಕೆ ಇಳಿದಾಗ ಗೆಳೆಯರು "ಭಾಳ ಚಲೋ ಮಾತಾಡಿದಿ" ಅಂದರು. ಕೆಟ್ಟದ್ದು ನನಗೆ ಗೊತ್ತಾದದ್ದು ಊಟದ ಸಾಲಿನಲ್ಲಿ, ನನ್ನ ಸಹಪಾಠಿಯೊಬ್ಬಳ ಕೈಯಲ್ಲಿ ಓದದೇ ಉಳಿದ ನಾಲ್ಕು ಪುಟಗಳನ್ನು ನೋಡಿದಾಗ.

ಗೋಷ್ಠಿಯ ಸಮಯ ಮಧ್ಯಾಹ್ನ 12.15ರಿಂದ 1.30. ಒಟ್ಟು 75 ನಿಮಿಷ. ಮೂರು ಪ್ರಬಂಧಗಳಿಗೆ ತಲಾ 15 ನಿಮಿಷ, ಚರ್ಚೆಗೆ 18, ಅಧ್ಯಕ್ಷರ ನುಡಿಗೆ 8, ಪರಿಚಯಕ್ಕೂ ಆಶಯಕ್ಕೂ ಸೇರಿ 4. ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು. ನಡೆದದ್ದು ಬೇರೆ. ಹಿಂದಿನ ಗೋಷ್ಠಿ ತಡವಾಗಿ ಮುಗಿದು ನಾವು ಶುರು ಮಾಡಿದ್ದೇ 12.25ಕ್ಕೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೆ ನನ್ನ ಮಾತು, ಎಲ್ಲ ಸೇರಿ 14 ನಿಮಿಷ. ಮೊದಲ ಪ್ರಬಂಧ 20 ನಿಮಿಷ ತೆಗೆದುಕೊಂಡಿತು, ಎರಡನೆಯದು 17. ಮೂರನೆಯವಳು ಮೈಕಿನ ಮುಂದೆ ಬಂದಾಗ 1.16. ಅವಳಿಗೆ ಸಿಕ್ಕದ್ದು 6 ನಿಮಿಷ. ಚರ್ಚೆ ಇಲ್ಲವೇ ಇಲ್ಲ. ಅಧ್ಯಕ್ಷರು 8 ನಿಮಿಷ ಮಾತಾಡಿ ಮುಗಿಸಿದಾಗ ಊಟದ ಗಂಟೆ.

ಹೊತ್ತು ಹೋದದ್ದಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಅಧ್ಯಕ್ಷರು ತಮ್ಮ ನುಡಿಯಲ್ಲಿ "ಕ್ಷೇತ್ರ ಭೇಟಿಯಿಂದ ಮಕ್ಕಳ ಕಲಿಕೆ ಹೆಚ್ಚುತ್ತದೆ ಎಂಬುದನ್ನು ಮೂರೂ ಪ್ರಬಂಧಗಳು ಚೆನ್ನಾಗಿ ತೋರಿಸಿವೆ" ಎಂದರು. ಮೂರನೆಯ ಪ್ರಬಂಧ ಹೇಳಬೇಕೆಂದಿದ್ದು ಅದಕ್ಕೆ ಉಲ್ಟಾ. ಅದರ ತೀರ್ಮಾನ ಓದದೇ ಉಳಿದ ಪುಟಗಳಲ್ಲಿತ್ತು. ಅಧ್ಯಕ್ಷರದೇನೂ ತಪ್ಪಿಲ್ಲ. ಗೋಷ್ಠಿಯ ಪ್ರಶ್ನೆ ಎಂದು ನಾನು ಸಭೆಯ ಮುಂದೆ ಇಟ್ಟ ವಾಕ್ಯದಲ್ಲಿಯೇ ಆ ಉತ್ತರ ಕೂತಿತ್ತು.

ಗೋಷ್ಠಿಯ ಅಧ್ಯಕ್ಷರನ್ನು ಪರಿಚಯಿಸುವುದು ಮತ್ತು ಗೋಷ್ಠಿಯ ಸಂಶೋಧನಾ ಪ್ರಶ್ನೆಯನ್ನು ಮುಂದಿಡುವುದು ಎರಡು ಕೆಲಸಗಳಲ್ಲ, ಒಂದೇ ಕೆಲಸ ಎಂಬುದು ನನ್ನ ಈಗಿನ ಅಭಿಪ್ರಾಯ. ನಾವು ಅಭ್ಯಾಸ ಬೋಧನೆಯಲ್ಲಿ ಪೀಠಿಕೆ ಎನ್ನುತ್ತೇವಲ್ಲ, ಅದೇ ಕೆಲಸ. ಪೀಠಿಕೆ ಪಾಠ ಘೋಷಣೆಗೆ ತಲುಪದಿದ್ದರೆ ಮಾರ್ಗದರ್ಶಕರು ನಮ್ಮ ಪಾಠಯೋಜನೆಯ ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತಾರೆ. ವೇದಿಕೆಯ ಮೇಲೆ ಮಾತ್ರ ಆ ಕೆಂಪು ಗೆರೆ ಎಳೆಯುವವರು ಇಲ್ಲ.

ಮೊದಲು ಪರಿಚಯದ ಮಾತು. ಗೋಷ್ಠಿಗೆ ಎರಡು ದಿನ ಮೊದಲು ಅಧ್ಯಕ್ಷರಿಗೆ ಫೋನ್ ಮಾಡಿ, "ಸರ್, ನಿಮ್ಮ ಪರಿಚಯ ಕಳಿಸ್ರಿ" ಎಂದಿದ್ದೆ. ನಾಲ್ಕು ಪುಟದ ಬಯೋಡೇಟಾ ಬಂತು. ಹುಟ್ಟಿದ ಊರು, ಪದವಿಗಳು, ಸೇವೆ ಮಾಡಿದ ಕಾಲೇಜುಗಳು, ಸದಸ್ಯರಾಗಿದ್ದ ಸಮಿತಿಗಳು, ಪಡೆದ ಸನ್ಮಾನಗಳು. ಅದನ್ನು ಮೇಲಿನಿಂದ ಕೆಳಗೆ ಓದಿದೆ. ನಡುನಡುವೆ "ಬಹುಮುಖ ಪ್ರತಿಭೆ", "ಸರಳ ಸಜ್ಜನಿಕೆಯ ಮೂರ್ತಿ" ಎಂಬ ಮಾತುಗಳನ್ನು ನಾನೇ ಸೇರಿಸಿದೆ. ಆ ಮಾತುಗಳನ್ನು ತೆಗೆದು ಇನ್ನೊಬ್ಬರ ಹೆಸರಿನ ಮುಂದೆ ಇಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಊಟದ ನಂತರ ಅವರ ಜೊತೆ ಚಹಾ ಕುಡಿಯುತ್ತ ನಿಂತಾಗ ಅವರು ಮೆಲ್ಲಗೆ ಅಂದರು: "ನೀ ಓದಿದ್ದೆಲ್ಲಾ ಖರೇನ ಅದ ತಮ್ಮಾ. ಆದ್ರ ಇವತ್ತಿನ ವಿಷಯಕ್ಕ ಅದ್ರಾಗ ಒಂದೂ ಬೇಕಾಗಿದ್ದಿಲ್ಲ." ಆಮೇಲೆ ತಾವು ಉಪನ್ಯಾಸಕರಾಗಿದ್ದಾಗ ಪ್ರತಿ ವರ್ಷ ಪಿಯುಸಿ ಹುಡುಗರನ್ನು ಗೋಳಗುಮ್ಮಟದ ಗ್ಯಾಲರಿಗೆ ಕರೆದೊಯ್ದು, ಮೊದಲು ಗೋಡೆಗೆ ಕಿವಿ ಹಚ್ಚಿ ನಿಲ್ಲಿಸುತ್ತಿದ್ದುದನ್ನು ಹೇಳಿದರು. ಚಪ್ಪಾಳೆ ತಟ್ಟುವುದಕ್ಕೆ ಆಮೇಲೆ ಅನುಮತಿ. ಯಾಕೆ ಆ ಕ್ರಮ ಎಂದು ಕೇಳಿದೆ. "ಚಪ್ಪಾಳಿ ಮೊದಲು ಕೇಳಿದ್ರ, ಮುಂದ ಕೇಳಿದ್ದಕ್ಕೆಲ್ಲಾ ಪ್ರತಿಧ್ವನಿ ಅಂತನ ಅಂತಾರ" ಎಂದರು. ನಮ್ಮ ಗೋಷ್ಠಿಯ ವಿಷಯ ಗೋಳಗುಮ್ಮಟವನ್ನು ಇಟ್ಟುಕೊಂಡು ಶಬ್ದದ ಪಾಠ ಮಾಡುವುದು. ಸಭೆಗೆ ಅವರ ಬಗ್ಗೆ ಗೊತ್ತಿರಬೇಕಾದದ್ದು ಆ ಒಂದು ಸಂಗತಿ. ಅದು ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ನಾನು ಅದನ್ನು ಕೇಳಿರಲಿಲ್ಲ.

ಈಗ ನಾನು ಫೋನ್ ಮಾಡಿದರೆ ಮೂರು ಸಂಗತಿ ಕೇಳುತ್ತೇನೆ. ತಮ್ಮ ಹೆಸರು ಮತ್ತು ಹುದ್ದೆಯನ್ನು ಹೇಗೆ ಹೇಳಬೇಕು? ಈ ಗೋಷ್ಠಿಯ ವಿಷಯಕ್ಕೆ ತಾವು ಮಾಡಿದ ಯಾವ ಕೆಲಸ ಹತ್ತಿರದ್ದು? ಪ್ರಬಂಧಗಳ ಸಾರಾಂಶ ನೋಡಿದ ಮೇಲೆ ಯಾವ ಪ್ರಶ್ನೆ ಸಭೆಯಲ್ಲಿ ಎದ್ದರೆ ಒಳ್ಳೆಯದು ಎನಿಸುತ್ತದೆ? ಮೂರನೆಯ ಪ್ರಶ್ನೆ ಕೇಳಬೇಕಾದರೆ ಸಾರಾಂಶಗಳನ್ನು ಮೊದಲೇ ಅವರಿಗೆ ಕಳಿಸಿರಬೇಕು. ನಾನು ಅದನ್ನೂ ಮಾಡಿರಲಿಲ್ಲ. ಅಧ್ಯಕ್ಷರು ಮೂರು ಪ್ರಬಂಧಗಳ ಶೀರ್ಷಿಕೆ ನೋಡಿದ್ದೇ ವೇದಿಕೆಯ ಮೇಲೆ, ಆಮಂತ್ರಣ ಪತ್ರಿಕೆಯಲ್ಲಿ.

ಒಬ್ಬರ ಬಾಳಿನಿಂದ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಗೋಷ್ಠಿಯ ಪ್ರಶ್ನೆಯ ಮೇಲೆ ನಿಂತಿದೆ. ಇದಕ್ಕೆ ನಮ್ಮ ಊರಿನದೇ ಉದಾಹರಣೆ ಫ.ಗು. ಹಳಕಟ್ಟಿಯವರು. ಅವರು ವಿಜಯಪುರದಲ್ಲಿ ವಕೀಲರಾಗಿದ್ದವರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಮುಂದಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಹುಟ್ಟಿಗೆ ಕಾರಣರಾದರು. ಓಲೆಗರಿಗಳಿಂದ ಸಂಗ್ರಹಿಸಿದ ವಚನಗಳನ್ನು ಜೋಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಓದಿದರೆ ಕೇಳುವವರಿಗೆ ಉಳಿಯುವುದು "ದೊಡ್ಡವರು" ಎಂಬ ಒಂದೇ ಭಾವನೆ.

ಈಗ ಅಂಥವರೊಬ್ಬರು ಒಂದು ಗೋಷ್ಠಿಯ ಅಧ್ಯಕ್ಷರಾಗಿದ್ದಾರೆ ಎಂದುಕೊಳ್ಳೋಣ. ಗೋಷ್ಠಿಯ ಪ್ರಶ್ನೆ "ಹಸ್ತಪ್ರತಿಗಳಲ್ಲಿ ಪಾಠಭೇದ ಇದ್ದಾಗ ಸಂಪಾದಕ ಯಾವುದನ್ನು ಆಯ್ದುಕೊಳ್ಳಬೇಕು" ಎಂದಾದರೆ ಬೇಕಾದದ್ದು ಓಲೆಗರಿ ಮತ್ತು 1923. ಬ್ಯಾಂಕು ಬೇಡ. ಪ್ರಶ್ನೆ "ಬರದ ಸೀಮೆಯಲ್ಲಿ ಸಹಕಾರಿ ಸಾಲ ಯಾರಿಗೆ ತಲುಪಿತು" ಎಂದಾದರೆ ಬೇಕಾದದ್ದು 1912, ವಚನಗಳ ಸಂಪಾದನೆಯನ್ನು ಅರ್ಧ ವಾಕ್ಯದಲ್ಲಿ ಮುಗಿಸಬಹುದು. ಎರಡೂ ಕಡೆ ವ್ಯಕ್ತಿ ಒಬ್ಬರೇ, ಪರಿಚಯ ಎರಡು. ಅಂದರೆ ಪ್ರಶ್ನೆ ಗೊತ್ತಿಲ್ಲದೆ ಪರಿಚಯ ಬರೆಯಲು ಕೂತವನಿಗೆ ಆರಿಸುವ ಅಳತೆಗೋಲೇ ಇರುವುದಿಲ್ಲ. ಅಳತೆಗೋಲು ಇಲ್ಲದವನು ಎಲ್ಲವನ್ನೂ ಓದುತ್ತಾನೆ. ನಾನು ಮಾಡಿದ್ದು ಅದೇ.

ಇನ್ನು ಪ್ರಶ್ನೆಯ ಮಾತು. ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಗೋಷ್ಠಿಗೆ ಕೊಟ್ಟ ಹೆಸರು "ಗೋಳಗುಮ್ಮಟ ಮತ್ತು ವಿಜ್ಞಾನ ಬೋಧನೆ: ಸವಾಲುಗಳು ಮತ್ತು ಸಾಧ್ಯತೆಗಳು". ಇಂಥ ಶೀರ್ಷಿಕೆಗಳು ನಮಗೆ ಎಷ್ಟು ರೂಢಿಯಾಗಿವೆ ಎಂದರೆ, ಅದರಲ್ಲಿ ಪ್ರಶ್ನೆಯೇ ಇಲ್ಲ ಎಂಬುದು ಕಾಣುವುದಿಲ್ಲ. ಯಾವ ಪ್ರಬಂಧ ಓದಿದರೂ ಅದು ಒಂದೋ ಸವಾಲು, ಇಲ್ಲವೇ ಸಾಧ್ಯತೆ. ತಪ್ಪಾಗುವ ಅವಕಾಶವೇ ಇಲ್ಲದ ಕಡೆ ಸರಿಯಾಗುವ ಅವಕಾಶವೂ ಇಲ್ಲ.

ಪತ್ರಿಕೆಯಲ್ಲಿ ಇಲ್ಲದ ಪ್ರಶ್ನೆಯನ್ನು ನಾನು ವೇದಿಕೆಯ ಮೇಲೆ ಸೇರಿಸಿದೆ: "ಕ್ಷೇತ್ರ ಭೇಟಿಯಿಂದ ಮಕ್ಕಳ ಕಲಿಕೆ ಹೇಗೆ ಹೆಚ್ಚುತ್ತದೆ ಎಂಬುದನ್ನು ಈ ಗೋಷ್ಠಿ ಚರ್ಚಿಸಲಿದೆ." ಕೇಳಲು ಚೆನ್ನಾಗಿತ್ತು. ಆದರೆ "ಹೇಗೆ ಹೆಚ್ಚುತ್ತದೆ" ಎಂದ ಕೂಡಲೇ "ಹೆಚ್ಚುತ್ತದೆ" ಎಂಬುದು ತೀರ್ಮಾನವಾಗಿಬಿಟ್ಟಿತು. ಹೆಚ್ಚಲಿಲ್ಲ ಎಂದು ಹೇಳಲು ಬಂದವಳಿಗೆ ಆ ವಾಕ್ಯದಲ್ಲಿ ನಿಲ್ಲಲು ಜಾಗವಿಲ್ಲ. ನಮಗೆ ಪ್ರಶ್ನಿಸುವ ಕೌಶಲದಲ್ಲಿ ಇದನ್ನು ಕಲಿಸಿದ್ದಾರೆ: ಉತ್ತರ ಸೂಚಿಸುವ ಪ್ರಶ್ನೆ ಕೇಳಬಾರದು. "ಸಸ್ಯಗಳಿಗೆ ಬೆಳಕು ಬೇಕಲ್ಲವೇ?" ಎಂದರೆ ಇಡೀ ತರಗತಿ "ಹೌದು ಸರ್" ಎನ್ನುತ್ತದೆ, ಯಾರೂ ಏನೂ ಯೋಚಿಸಿರುವುದಿಲ್ಲ. ವೇದಿಕೆಯ ಮೇಲೆ ನಾನು ಕೇಳಿದ್ದು ಅಂಥದೇ ಪ್ರಶ್ನೆ, ಸಭೆ ಕೊಟ್ಟದ್ದೂ ಅದೇ "ಹೌದು ಸರ್".

ಹಾಗಾದರೆ ಆ ಮೂರು ಪ್ರಬಂಧಗಳಿಗೆ ಸರಿಯಾದ ಪ್ರಶ್ನೆ ಯಾವುದಿತ್ತು? ಇದಕ್ಕೆ ವಿಷಯದೊಳಗೆ ಸ್ವಲ್ಪ ಇಳಿಯಬೇಕು.

ಗೋಳಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಗ್ಯಾಲರಿಯಲ್ಲಿ ಗೋಡೆಯ ಬಳಿ ನಿಂತು ಚಪ್ಪಾಳೆ ತಟ್ಟಿದರೆ ಶಬ್ದ ಎದುರು ಗೋಡೆಗೆ ಹೋಗಿ ಬರಲು 76 ಮೀಟರ್ ಸಾಗಬೇಕು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ ಅದಕ್ಕೆ 0.22 ಸೆಕೆಂಡು ಬೇಕು. ಎರಡು ಶಬ್ದಗಳ ನಡುವೆ 0.1 ಸೆಕೆಂಡಿನಷ್ಟು ಅಂತರವಿದ್ದರೆ ನಮ್ಮ ಕಿವಿ ಅವನ್ನು ಬೇರೆ ಬೇರೆಯಾಗಿ ಕೇಳುತ್ತದೆ. ಆದ್ದರಿಂದ ನಮ್ಮ ಚಪ್ಪಾಳೆ ನಮಗೇ ತಿರುಗಿ ಕೇಳುತ್ತದೆ. ಇದು ಪ್ರತಿಧ್ವನಿ. ಒಂಬತ್ತನೆಯ ತರಗತಿಯ ಶಬ್ದದ ಪಾಠ ಇದನ್ನು ಚೆನ್ನಾಗಿ ವಿವರಿಸುತ್ತದೆ.

ಪಿಸುಮಾತಿನ ಕತೆ ಬೇರೆ. ಒಬ್ಬರು ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ ದೂರದಲ್ಲಿ ಗೋಡೆಗೆ ಕಿವಿ ಇಟ್ಟ ಇನ್ನೊಬ್ಬರಿಗೆ ಕೇಳುತ್ತದೆ. ಇಲ್ಲಿ ಶಬ್ದ ಹೇಳಿದವರಿಗೆ ತಿರುಗಿ ಬರುತ್ತಿಲ್ಲ, ಬೇರೆಯವರ ಕಿವಿಗೆ ಹೋಗುತ್ತಿದೆ. ಹೇಗೆ ಹೋಗುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲೇ ವಾದವಿತ್ತು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗ್ಯಾಲರಿಯ ಬಗ್ಗೆ ಜಾರ್ಜ್ ಏರಿ ಎಂಬ ಖಗೋಳಜ್ಞರು, ಗುಮ್ಮಟದ ಮೇಲ್ಮೈಯಿಂದ ಪ್ರತಿಫಲಿಸಿದ ಶಬ್ದ ನೇರ ಎದುರಿನ ಬಿಂದುವಿನಲ್ಲಿ ಕೂಡಿಕೊಳ್ಳುತ್ತದೆ ಎಂದರು. ಲಾರ್ಡ್ ರೇಲೀ ಒಪ್ಪಲಿಲ್ಲ. ಹಾಗಿದ್ದರೆ ನೇರ ಎದುರಿಗೆ ಮಾತ್ರ ಚೆನ್ನಾಗಿ ಕೇಳಬೇಕು, ಆದರೆ ಗೋಡೆಯುದ್ದಕ್ಕೂ ಕೇಳುತ್ತದಲ್ಲ ಎಂದರು. ಶಬ್ದ ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗುತ್ತದೆ ಎಂಬುದು ಅವರ ವಿವರಣೆ. ಬಾಗಿಸಿದ ಲೋಹದ ತಗಡಿನ ಒಂದು ತುದಿಯಲ್ಲಿ ಶಬ್ದ ಮಾಡಿ, ಗೋಡೆಯ ಪಕ್ಕದಲ್ಲಿ ಒಂದು ಸಣ್ಣ ಅಡ್ಡಪಟ್ಟಿ ಇಟ್ಟರೆ ಇನ್ನೊಂದು ತುದಿಯಲ್ಲಿ ಶಬ್ದ ನಿಂತುಹೋಗುವುದನ್ನು ಅವರು ಪ್ರಯೋಗದಿಂದ ತೋರಿಸಿದರು. 1921-22ರ ಹೊತ್ತಿಗೆ ಸಿ.ವಿ. ರಾಮನ್ ಸೇಂಟ್ ಪಾಲ್ ಚರ್ಚಿನಲ್ಲೂ ನಮ್ಮ ಗೋಳಗುಮ್ಮಟವೂ ಸೇರಿದಂತೆ ಭಾರತದ ಇಂಥ ಗ್ಯಾಲರಿಗಳಲ್ಲೂ ಇದನ್ನು ಪರಿಶೀಲಿಸಿ ಬರೆದರು.

ಈ ಎರಡು ವಿವರಣೆಗಳ ನಡುವಿನ ಜಗಳ ಒಂದು ಒಳ್ಳೆಯ ಸಂಶೋಧನಾ ಪ್ರಶ್ನೆ ಹೇಗಿರಬೇಕು ಎಂಬುದಕ್ಕೆ ಮಾದರಿ. "ಪಿಸುಮಾತು ನೇರ ಎದುರಿಗೆ ಮಾತ್ರ ಕೇಳುತ್ತದೆಯೇ, ಗೋಡೆಯುದ್ದಕ್ಕೂ ಕೇಳುತ್ತದೆಯೇ?" ಈ ಪ್ರಶ್ನೆಗೆ ಎರಡು ಉತ್ತರ ಸಾಧ್ಯ. ಎರಡರಲ್ಲಿ ಒಂದು ತಪ್ಪಾಗುತ್ತದೆ. ಯಾವುದು ತಪ್ಪು ಎಂದು ತಿಳಿಯಲು ಏನು ಮಾಡಬೇಕೆಂಬುದು ಪ್ರಶ್ನೆಯಲ್ಲೇ ಇದೆ: ಗೋಡೆಗೆ ಕಿವಿ ಹಚ್ಚಿ ಹೆಜ್ಜೆ ಹೆಜ್ಜೆಗೂ ಸರಿಯುತ್ತ ಹೋಗಬೇಕು. ನಮ್ಮ ಸಾರವಾಡದ ಒಂಬತ್ತನೆಯ ತರಗತಿಯ ಹುಡುಗಿಯೂ ಇದಕ್ಕೆ ಉತ್ತರ ಹುಡುಕಬಲ್ಲಳು.

ಈಗ ನಮ್ಮ ಗೋಷ್ಠಿಗೆ ಬರೋಣ. ಮೊದಲ ಪ್ರಬಂಧ ಮೊಬೈಲಿನಲ್ಲಿ ಚಪ್ಪಾಳೆಯನ್ನು ಧ್ವನಿಮುದ್ರಿಸಿ ಪ್ರತಿಧ್ವನಿಯ ಅಂತರ ಅಳೆಯುವ ಚಟುವಟಿಕೆಯ ಬಗ್ಗೆ. ಎರಡನೆಯದು ರೇಲೀ ಪ್ರಯೋಗವನ್ನು ತಗಡಿನ ಹಾಳೆ, ಟಿಕ್ ಟಿಕ್ ಎನ್ನುವ ಗಡಿಯಾರ ಮತ್ತು ರಟ್ಟಿನ ತುಂಡಿನಿಂದ ತರಗತಿಯಲ್ಲೇ ಮಾಡಿದ ಬಗ್ಗೆ. ಮೂರನೆಯದು ನನ್ನ ಸಹಪಾಠಿಯದು. ಗುಮ್ಮಟಕ್ಕೆ ಹೋಗುವ ಮೊದಲು ಮತ್ತು ಹೋಗಿ ಬಂದ ಮೇಲೆ ಮಕ್ಕಳಿಂದ "ಪಿಸುಮಾತು ದೂರಕ್ಕೆ ಹೇಗೆ ಕೇಳುತ್ತದೆ?" ಎಂಬುದಕ್ಕೆ ಉತ್ತರ ಬರೆಸಿದ್ದಳು. ಹೋಗುವ ಮೊದಲು "ಗೊತ್ತಿಲ್ಲ" ಎಂದು ಬರೆದಿದ್ದ ಹಲವರು ಬಂದ ಮೇಲೆ ಧೈರ್ಯದಿಂದ "ಪ್ರತಿಧ್ವನಿಯಿಂದ" ಎಂದು ಬರೆದಿದ್ದರು. ಭೇಟಿ ಗೊಂದಲವನ್ನು ಬಿಡಿಸಿರಲಿಲ್ಲ, ಗಟ್ಟಿ ಮಾಡಿತ್ತು. ಗ್ಯಾಲರಿಗೆ ಹೋದ ಕೂಡಲೇ ಎಲ್ಲರೂ ಕೂಗಿ, ಚಪ್ಪಾಳೆ ತಟ್ಟಿ, ಆ ಗದ್ದಲದಲ್ಲಿ ಪಿಸುಮಾತನ್ನು ಕೇಳುವ ಪ್ರಯತ್ನವನ್ನೇ ಕೈಬಿಟ್ಟಿದ್ದರು ಎಂದು ಅವಳು ಕಾರಣ ಬರೆದಿದ್ದಳು. ಅಧ್ಯಕ್ಷರು ಚಹಾ ಕುಡಿಯುತ್ತ ನನಗೆ ಹೇಳಿದ್ದೂ ಇದೇ. ಅವರ ಅನುಭವವೂ ಅವಳ ದಾಖಲೆಯೂ ಒಂದೇ ಕೋಣೆಯಲ್ಲಿ 65 ನಿಮಿಷ ಕೂತಿದ್ದವು, ಒಂದಕ್ಕೊಂದು ಭೇಟಿಯಾಗಲಿಲ್ಲ. ಭೇಟಿ ಮಾಡಿಸುವ ಕೆಲಸ ನನ್ನದಾಗಿತ್ತು.

ಮೂರೂ ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆ ನನಗೆ ಹೊಳೆದ ಪ್ರಶ್ನೆ ಇದು: ಗೋಳಗುಮ್ಮಟಕ್ಕೆ ಹೋಗಿ ಬಂದ ಮಗು ಪ್ರತಿಧ್ವನಿಯನ್ನೂ ಪಿಸುಮಾತನ್ನೂ ಎರಡು ಬೇರೆ ಸಂಗತಿಗಳಾಗಿ ವಿವರಿಸಬಲ್ಲದೇ? ಇದಕ್ಕೆ "ಹೌದು" ಎನ್ನಬಹುದು, "ಇಲ್ಲ" ಎನ್ನಬಹುದು. ಯಾವುದನ್ನು ನೋಡಿ ನಿರ್ಧರಿಸಬೇಕು ಎಂಬುದೂ ತಿಳಿಯುತ್ತದೆ: ಮಗು ಬರೆದ ವಿವರಣೆಯನ್ನು ನೋಡಿ. ಅದನ್ನು ಪರಿಚಯದ ಜೊತೆ ಸೇರಿಸಿ ಮತ್ತೆ ಬರೆದೆ. ಹೆಸರುಗಳ ಜಾಗ ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ:

"ಎಲ್ಲರಿಗೂ ನಮಸ್ಕಾರ. ಈ ಗೋಷ್ಠಿಯ ಅಧ್ಯಕ್ಷರು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು. ಅವರ ಪೂರ್ಣ ಪರಿಚಯ ನಿಮ್ಮ ಕೈಯಲ್ಲಿರುವ ಪುಸ್ತಿಕೆಯಲ್ಲಿದೆ. ಇವತ್ತಿನ ವಿಷಯಕ್ಕೆ ಸಂಬಂಧಿಸಿದ ಒಂದು ಮಾತು ಮಾತ್ರ ಹೇಳುತ್ತೇನೆ. ಸರ್ ಪ್ರತಿ ವರ್ಷ ತಮ್ಮ ವಿದ್ಯಾರ್ಥಿಗಳನ್ನು ಗೋಳಗುಮ್ಮಟದ ಗ್ಯಾಲರಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಚಪ್ಪಾಳೆಗೆ ಮೊದಲು ಪಿಸುಮಾತನ್ನು ಕೇಳಿಸುತ್ತಿದ್ದರು. ಆ ಕ್ರಮ ಯಾಕೆ ಎಂಬುದನ್ನು ಕೊನೆಯಲ್ಲಿ ಅವರಿಂದಲೇ ಕೇಳೋಣ. ಗುಮ್ಮಟದಲ್ಲಿ ಎರಡು ಸಂಗತಿ ನಡೆಯುತ್ತವೆ. ನಮ್ಮ ಚಪ್ಪಾಳೆ ನಮಗೇ ತಿರುಗಿ ಬರುತ್ತದೆ. ನಮ್ಮ ಪಿಸುಮಾತು ಬೇರೆಯವರ ಕಿವಿಗೆ ಹೋಗುತ್ತದೆ. ಅಲ್ಲಿಗೆ ಹೋಗಿ ಬಂದ ಮಗು ಇವೆರಡನ್ನೂ ಬೇರೆ ಬೇರೆಯಾಗಿ ವಿವರಿಸಬಲ್ಲದೇ? ಇದು ಈ ಗೋಷ್ಠಿಯ ಪ್ರಶ್ನೆ. ಮೊದಲ ಪ್ರಬಂಧ ಚಪ್ಪಾಳೆಯನ್ನು ಅಳೆಯುತ್ತದೆ. ಎರಡನೆಯದು ಪಿಸುಮಾತಿನ ದಾರಿಯನ್ನು ತಗಡಿನ ಹಾಳೆಯಲ್ಲಿ ತೋರಿಸುತ್ತದೆ. ಮೂರನೆಯದು ಮಕ್ಕಳು ಬರೆದ ಉತ್ತರಗಳನ್ನೇ ನಮ್ಮ ಮುಂದಿಡುತ್ತದೆ. ಪ್ರತಿ ಪ್ರಬಂಧಕ್ಕೆ 15 ನಿಮಿಷ, 12ನೆಯ ನಿಮಿಷಕ್ಕೆ ಒಂದು ಚೀಟಿ ಕೊಡುತ್ತೇವೆ. ಚರ್ಚೆ ಮೂರೂ ಮುಗಿದ ಮೇಲೆ. ಸರ್, ಗೋಷ್ಠಿ ಇನ್ನು ನಿಮ್ಮದು."

ಇದನ್ನು ಅವಸರವಿಲ್ಲದೆ ಹೇಳಿದರೂ ಎರಡು ನಿಮಿಷದ ಆಚೀಚೆ. ಹೂಗುಚ್ಛ ಕೊಡುವುದೂ ಸೇರಿ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಗಮನಿಸಬೇಕಾದದ್ದು, ಇದರಲ್ಲಿ ನಾನು ಉತ್ತರ ಹೇಳಿಲ್ಲ. ಮೂರನೆಯ ಪ್ರಬಂಧದ ತೀರ್ಮಾನ ನನಗೆ ಗೊತ್ತಿದ್ದರೂ ಅದನ್ನು ನಾನು ಬಿಟ್ಟುಕೊಟ್ಟರೆ ಅವಳ ಮಾತು ಕಳೆದಂತೆ. ಏರಿ, ರೇಲೀ, ರಾಮನ್ ಹೆಸರುಗಳನ್ನೂ ತಂದಿಲ್ಲ. ಅದು ಎರಡನೆಯ ಪ್ರಬಂಧದವರ ಪಾಲು. ನನಗೆ ಗೊತ್ತಿರುವುದನ್ನೆಲ್ಲ ಹೇಳಬೇಕೆಂಬ ಆಸೆ ಪೀಠಿಕೆಯಲ್ಲಿ ನಮ್ಮನ್ನು ಕೆಡಿಸುವ ಹಾಗೆಯೇ ಇಲ್ಲಿಯೂ ಕೆಡಿಸುತ್ತದೆ.

ಈ ಮಾತನ್ನು ಗೆಳೆಯರ ಮುಂದೆ ಇಟ್ಟಾಗ ಎರಡು ಆಕ್ಷೇಪಗಳು ಬಂದವು. ಎರಡೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು, ಹಿರಿಯರಿಗೆ ಅಗೌರವ. "ಪದವಿ, ಪ್ರಶಸ್ತಿ ಓದದಿದ್ದರೆ ಅವರು ಏನು ತಿಳಿದುಕೊಂಡಾರು? ನಮ್ಮ ಭಾಗದಲ್ಲಿ ಕರೆದ ಮೇಲೆ ಮರ್ಯಾದೆ ಮಾಡಬೇಕಲ್ಲ?" ಮಾಡಬೇಕು. ಪೂರ್ಣ ಪರಿಚಯವನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದರೆ ಅದು ಸಭೆಯ ಪ್ರತಿಯೊಬ್ಬರ ಮನೆಗೆ ಹೋಗುತ್ತದೆ. ಮೈಕಿನಲ್ಲಿ ಓದಿದ್ದು ಅಲ್ಲಿಯೇ ಮರೆತುಹೋಗುತ್ತದೆ. ಮೇಲಾಗಿ ಒಬ್ಬ ಅಧ್ಯಾಪಕರಿಗೆ ತಾವು ಹುಡುಗರನ್ನು ಗೋಡೆಗೆ ಕಿವಿ ಹಚ್ಚಿ ನಿಲ್ಲಿಸುತ್ತಿದ್ದುದನ್ನು ಸಭೆಯಲ್ಲಿ ನೆನೆಯುವುದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ಸನ್ಮಾನವನ್ನು ಸಮಾರೋಪಕ್ಕೆ ಇಟ್ಟುಕೊಂಡರೆ ಶಾಲಿಗೂ ಬುಟ್ಟಿಗೂ ಬೇಕಾದಷ್ಟು ಹೊತ್ತು ಸಿಗುತ್ತದೆ.

ಎರಡನೆಯ ಆಕ್ಷೇಪ ಕಷ್ಟದ್ದು. "ಎಲ್ಲ ಗೋಷ್ಠಿಗೂ ವಿಷಯ ಬಲ್ಲವರೇ ಅಧ್ಯಕ್ಷರಾಗಿ ಸಿಗುತ್ತಾರೇನು? ಕೊನೆಯ ಗಳಿಗೆಯಲ್ಲಿ ಯಾರಾದರೂ ಬಂದು ಕೂತರೆ?" ನಿಜ, ಹಾಗೆ ಆಗುತ್ತದೆ. ಆಗ ಅವರಿಗೆ ಇಲ್ಲದ ಪಾಂಡಿತ್ಯವನ್ನು ನಾವು ತೊಡಿಸಬಾರದು. ತೊಡಿಸಿದರೆ ಅವರು ಆ ಪಾತ್ರವನ್ನು ಎಂಟು ನಿಮಿಷ ನಿಭಾಯಿಸಬೇಕಾಗುತ್ತದೆ, ಅದು ಅವರಿಗೂ ಹಿಂಸೆ. ಇತಿಹಾಸದ ಅಧ್ಯಾಪಕರು ಶಬ್ದದ ಗೋಷ್ಠಿಗೆ ಬಂದರೆ, "ಮಹಮ್ಮದ್ ಆದಿಲ್ ಶಾಹನ ಗೋರಿಯಾಗಿ 1656ರಲ್ಲಿ ಮುಗಿದ ಈ ಕಟ್ಟಡವನ್ನು ಮಕ್ಕಳಿಗೆ ಇತಿಹಾಸವಾಗಿ ತೋರಿಸುತ್ತ ಬಂದವರು, ನಮ್ಮ ಪ್ರಶ್ನೆಯನ್ನು ಹೊರಗಿನಿಂದ ನೋಡಿ ಪರೀಕ್ಷಿಸುವವರು" ಎಂದು ಹೇಳಿದರೆ ಸುಳ್ಳೂ ಅಲ್ಲ, ಕಡಿಮೆಯೂ ಅಲ್ಲ. ಆದರೆ ಪ್ರಶ್ನೆ ಸ್ಪಷ್ಟವಾಗಿರದಿದ್ದರೆ ಇದನ್ನೂ ಹೇಳಲಾಗದು.

ಕನ್ನಡದ ಗೋಷ್ಠಿಗಳಲ್ಲಿ 'ಆಶಯ ನುಡಿ' ಎಂಬ ಒಂದು ಸ್ಥಾನ ಮೊದಲಿನಿಂದ ಇದೆ. ವಿಜಯಪುರದಲ್ಲಿ 2013ರ ಫೆಬ್ರುವರಿಯಲ್ಲಿ ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ನಡೆದ 79ನೆಯ ಸಾಹಿತ್ಯ ಸಮ್ಮೇಳನದಂಥ ದೊಡ್ಡ ಕೂಟಗಳಿಂದ ಹಿಡಿದು ತಾಲ್ಲೂಕು ಮಟ್ಟದ ಸಭೆಗಳವರೆಗೆ ಗೋಷ್ಠಿಯ ರೂಢಿ ನಮಗೆ ಗೊತ್ತು. ಆಶಯ ಎಂದರೆ ಗೋಷ್ಠಿ ಏನನ್ನು ಹುಡುಕುತ್ತಿದೆ ಎಂಬ ಮಾತು. ಹೆಸರು ನಮ್ಮಲ್ಲೇ ಇದೆ, ಅದರೊಳಗೆ ಪ್ರಶ್ನೆ ಇಡುವುದನ್ನು ಮರೆತಿದ್ದೇವೆ ಅಷ್ಟೇ. ಸ್ವಾಗತ, ಪರಿಚಯ, ಆಶಯ ಮೂರಕ್ಕೂ ಮೂವರನ್ನು ನಿಲ್ಲಿಸಿ, ಮೂವರೂ ಅಧ್ಯಕ್ಷರನ್ನು ಹೊಗಳಿ ಕೂರುವುದು ಈಗಿನ ಪದ್ಧತಿ.

ಇದನ್ನು ಸರಿಪಡಿಸಲು ನಮ್ಮ ಬಳಿ ಸಾಧನವಿದೆ, ಹೊಸದೇನೂ ಬೇಕಿಲ್ಲ. ಸೂಕ್ಷ್ಮಬೋಧನೆಯ ಚಕ್ರದಲ್ಲಿ 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಪೀಠಿಕಾ ಕೌಶಲಕ್ಕೆ ಹೇಗೆ ಮಾಡುತ್ತೇವೋ ಹಾಗೆಯೇ ಗೋಷ್ಠಿಯ ಪರಿಚಯಕ್ಕೂ ಒಂದು ಚಕ್ರ ಮಾಡಬಹುದು. ವೀಕ್ಷಣಾ ಪಟ್ಟಿಯಲ್ಲಿ ಮೂರು ಸಾಲು ಸಾಕು. ಅಧ್ಯಕ್ಷರ ಬಗ್ಗೆ ಹೇಳಿದ ಮಾತು ಈ ಗೋಷ್ಠಿಗೇ ಸೇರಿದ್ದೋ, ಯಾವ ಗೋಷ್ಠಿಗಾದರೂ ಸಲ್ಲುವಂಥದ್ದೋ? ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಸಾಧ್ಯವೇ? ಪ್ರತಿ ಪ್ರಬಂಧಕ್ಕೂ ಆ ಪ್ರಶ್ನೆಯಲ್ಲಿ ಜಾಗವಿದೆಯೇ? ಕೊನೆಗೆ ಕೇಳುತ್ತ ಕೂತವರಲ್ಲಿ ಒಬ್ಬರನ್ನು ಎಬ್ಬಿಸಿ, "ಗೋಷ್ಠಿಯ ಪ್ರಶ್ನೆ ಯಾವುದು?" ಎಂದು ಕೇಳಬೇಕು. ಅವರು ತಮ್ಮ ಮಾತಿನಲ್ಲಿ ಹೇಳಿದರೆ ಪರಿಚಯ ಗೆದ್ದಿತು. "ಗೋಳಗುಮ್ಮಟದ ಬಗ್ಗೆ ಏನೋ" ಎಂದರೆ 12 ನಿಮಿಷದ ಮರುಯೋಜನೆಗೆ ಕೂರಬೇಕು.

ನಾನು ಆ ಪರೀಕ್ಷೆಯನ್ನು ನನ್ನ ಮೇಲೆ ಮಾಡಿಕೊಂಡದ್ದು ಅಭ್ಯಾಸ ಬೋಧನೆಯಲ್ಲಿ. ಸಾರವಾಡದಲ್ಲಿ ಒಂಬತ್ತನೆಯ ತರಗತಿಗೆ ಶಬ್ದದ ಪಾಠ ತೆಗೆದುಕೊಂಡಾಗ ಪೀಠಿಕೆಯಲ್ಲಿ, "ಗುಮ್ಮಟದಲ್ಲಿ ಪಿಸುಮಾತು ಕೇಳುವುದು ಪ್ರತಿಧ್ವನಿಯೇ?" ಎಂದು ಬೋರ್ಡಿನ ಮೇಲೆ ಬರೆದೆ. ಎಂದಿನಂತೆ ಇಡೀ ತರಗತಿ "ಹೌದು ಸರ್" ಎಂದಿತು. ಕಿಟಕಿಯ ಬದಿಯ ಒಬ್ಬ ಹುಡುಗ ಮಾತ್ರ, "ಸರ್, ಪ್ರತಿಧ್ವನಿ ಅಂದ್ರ ನಂದು ನನಗ ಬರಬೇಕಲ್ರೀ, ಅದು ಅವರಿಗಿ ಹ್ವಾದ್ರ ಹ್ಯಾಂಗ ಪ್ರತಿಧ್ವನಿ?" ಅಂದ. ಬೋರ್ಡಿನ ಮೇಲಿದ್ದದ್ದು "ಹೇಗೆ" ಎಂಬ ಪ್ರಶ್ನೆಯಾಗಿದ್ದರೆ ಅವನು ಬಾಯಿ ತೆರೆಯುತ್ತಿರಲಿಲ್ಲ.

ನನ್ನ ಸಹಪಾಠಿ ತನ್ನ ಉಳಿದ ನಾಲ್ಕು ಪುಟಗಳನ್ನು ಮುಂದೆ ನಮ್ಮ ತರಗತಿಯಲ್ಲಿ ಪೂರ್ತಿ ಓದಿದಳು. ಆ ದಿನ ಪರಿಚಯ ಮಾಡಿದವನು ನಾನೇ. ಗಡಿಯಾರ ನೋಡಿಕೊಂಡಿದ್ದೆ, ಎರಡು ನಿಮಿಷ ಹತ್ತು ಸೆಕೆಂಡು. ಆಮೇಲೆ ಚರ್ಚೆ ಗಂಟೆ ಹೊಡೆದರೂ ಮುಗಿಯಲಿಲ್ಲ.